ಕೆಳಗೆ ಅಂಗಡಿ, ಮೇಲೆ ಮನೆ: ಒಂದೇ ಕಟ್ಟಡದಲ್ಲಿ ಎರಡೂ ಬೇಕೇ?

ಪರ

ಅಂಗಡಿ ಮೇಲೆ ಮನೆ ಅಂದಕೂಡಲೇ ಎಲ್ಲರೂ ಗದ್ದಲಕ್ಕೆ ಹೆದರುತ್ತಾರೆ. ಆದರೆ ಗಿರಾಕಿಗಳ ಮಾತು ಗಾಳಿಯಲ್ಲಿ ಬರುವ ಸದ್ದು. 150 ಮಿಲಿಮೀಟರ್ ಕಾಂಕ್ರೀಟ್ ಸ್ಲ್ಯಾಬ್ ಅದನ್ನು ಸುಮಾರು 50 ಡೆಸಿಬಲ್‌ನಷ್ಟು ತಡೆಯುತ್ತದೆ. ಪೈಪು ಹಾಯುವ ತೂತುಗಳನ್ನು ಸರಿಯಾಗಿ ಮುಚ್ಚಿದ್ದರೆ ಕೆಳಗಿನ ಮಾತು ಮೇಲೆ ಕೇಳಿಸುವುದೇ ಇಲ್ಲ.

ಕಾಡುವುದು ಕಟ್ಟಡದ ಮೈಯೊಳಗೆ ಹತ್ತುವ ನಡುಕ. ಕೋಲ್ಡ್ ರೂಮಿನ ಕಂಪ್ರೆಸರ್ ತೆಗೆದುಕೊಳ್ಳಿ. ಅದು ನಿಮಿಷಕ್ಕೆ 1450 ಸುತ್ತು ತಿರುಗಿದರೆ ಸೆಕೆಂಡಿಗೆ 24 ಸಲ ನೆಲವನ್ನು ಅಲುಗಿಸುತ್ತದೆ. ಅದರ ಭಾರಕ್ಕೆ 4 ಮಿಲಿಮೀಟರ್ ಕುಗ್ಗುವ ಸ್ಪ್ರಿಂಗ್ ಮೇಲೆ ಕೂರಿಸಿದರೆ ಆ ನಡುಕದಲ್ಲಿ ಸುಮಾರು ಎಂಟನೇ ಒಂದು ಪಾಲು ಮಾತ್ರ ಕೆಳಗಿಳಿಯುತ್ತದೆ. ಎಷ್ಟೋ ಕಡೆ ಸುಮ್ನೆ ಒಂದು ರಬ್ಬರ್ ಶೀಟ್ ಹಾಸಿ ಕೈ ತೊಳೆದುಕೊಳ್ಳುತ್ತಾರೆ. ಅದು ಅರ್ಧ ಮಿಲಿಮೀಟರ್ ಮಾತ್ರ ಕುಗ್ಗಿದರೆ ನಡುಕ ಕಡಿಮೆಯಾಗುವ ಬದಲು ಜಾಸ್ತಿಯೇ ಆಗುತ್ತದೆ!

ಕಂಪ್ರೆಸರ್‌ನಿಂದ ಹೊರಡುವ ಪೈಪಿಗೂ ಬಾಗುವ ಜೋಡಣೆ ಬೇಕು. ಅದರ ಕ್ಲಾಂಪಿಗೆ ರಬ್ಬರ್ ಇರಬೇಕು. ಅಂಗಡಿಯ ಶಟರ್ ಎಳೆದಾಗ ನಡುಕ ಹತ್ತದಂತೆ ಅದರ ಪಟ್ಟಿಗೂ ಕಂಬಕ್ಕೂ ನಡುವೆಯೂ ರಬ್ಬರ್ ಬೇಕು. ಮನೆಯವರ ಬಾಗಿಲು, ಮೆಟ್ಟಿಲು, ಮೀಟರ್, ಚರಂಡಿ ಪೈಪು ಬೇರೆ ಮಾಡಲು ನಕ್ಷೆಯಲ್ಲಿ ನಾಲ್ಕು ಗೆರೆ ಸಾಕು. ತರಕಾರಿಗೆ ಮೆಟ್ಟಿಲಿಳಿದರೆ ಸಾಕು ಅನ್ನುವ ಅನುಕೂಲಕ್ಕೆ ಇಷ್ಟು ಮಾಡಬಾರದಾ?

ವಿರೋಧ

ಆ ಲೆಕ್ಕ ಸರಿ. ಆದರೆ ಅದು ಒಂದು ಯಂತ್ರದ ಲೆಕ್ಕ, ಕಟ್ಟಿದ ದಿನದ ಲೆಕ್ಕ. ಅಂಗಡಿ ಮಾತ್ರ ಅದೇ ಇರುವುದಿಲ್ಲ, ಅಲ್ವಾ?

ನಾನು ಬಟ್ಟೆ ಅಂಗಡಿಯ ಮೇಲಿನ ಮನೆಯಲ್ಲಿ ನೆಮ್ಮದಿಯಾಗಿದ್ದೆ. ಆಮೇಲೆ ಅಲ್ಲಿಗೆ ಬೇಕರಿ ಬಂತು. ಬೆಳಗಿನ ಜಾವ ನಾಲ್ಕಕ್ಕೆ ಹಿಟ್ಟು ಕಲಸುವ ಯಂತ್ರ ಶುರುವಾಗುತ್ತಿತ್ತು. ಕಿವಿಗೆ ಅಷ್ಟೇನೂ ಕೇಳುತ್ತಿರಲಿಲ್ಲ, ಆದರೆ ಗೋಡೆಗೆ ಅಂಗೈ ಇಟ್ಟರೆ ಗುಂಯ್ ಅಂತ ನಡುಕ ತಿಳಿಯುತ್ತಿತ್ತು. ಮಂಚದ ಪಕ್ಕದ ಲೋಟದ ನೀರಲ್ಲಿ ಸಣ್ಣ ಅಲೆ ಏಳುತ್ತಿತ್ತು. ಕೊನೆಗೆ ಸ್ಪ್ರಿಂಗ್ ಹಾಕಿಸಿದರು, ಒಂದು ತಿಂಗಳು ಸುಖ. ಯಂತ್ರ ಅಲುಗುತ್ತದೆ ಅಂತ ಕೆಲಸದವರು ಅದರಡಿ ಮರದ ತುಂಡು ತುರುಕಿದರು. ಸ್ಪ್ರಿಂಗ್ ಇದ್ದೂ ಇಲ್ಲದಂತಾಯಿತು. ದಿನಾ ಬಗ್ಗಿ ನೋಡುವವರು ಯಾರು?

ಹೊಗೆಯದು ಇನ್ನೂ ಕಷ್ಟ. ಒಲೆಯ ಹೊಗೆ ಕೊಳವೆ ಚಾವಣಿ ದಾಟಿ ಮೇಲೆ ಹೋಗಬೇಕು. ಅದಕ್ಕೆ ಪ್ರತಿ ಮಹಡಿಯಲ್ಲೂ ಮೊದಲೇ ಜಾಗ ಬಿಟ್ಟಿರಬೇಕು. ಬಟ್ಟೆ ಅಂಗಡಿಗೆ ಅಂತ ಕಟ್ಟಿದವರು ಬಿಟ್ಟಿರಲಿಲ್ಲ. ಹಾಗಾಗಿ ಕೊಳವೆ ನಮ್ಮ ಕಿಟಕಿಯ ಕೆಳಗೇ ಬಾಯಿ ತೆರೆಯಿತು. ಬೇರೆ ಅಂತ ಕಟ್ಟಿದ ನಮ್ಮ ಮೆಟ್ಟಿಲ ಬುಡ ಅವರ ಖಾಲಿ ರಟ್ಟಿನ ಡಬ್ಬಗಳ ಗೋದಾಮಾಯಿತು. ಕೆಳಗೆ ಬೆಂಕಿ ಬಿದ್ದಿದ್ದರೆ ನಮಗೆ ಇಳಿಯಲು ಇದ್ದದ್ದು ಅದೊಂದೇ ದಾರಿ.

ಅಂಗಡಿ ಹತ್ತಿರ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಪಕ್ಕದಲ್ಲಿ, ತನ್ನದೇ ಅಡಿಪಾಯ, ತನ್ನದೇ ಕಂಬಗಳ ಮೇಲೆ ಇರಲಿ.