ಬರೆದವಳೂ ನಾನೇ, ಸಹಿ ಹಾಕುವವಳೂ ನಾನೇ

ಐದನೇ ಕ್ಲಾಸಿಗೆ ಪಾಠ ಮಾಡುವುದು ನಾನು. ಅದೇ ಕ್ಲಾಸಲ್ಲಿ ನನ್ನ ಮಗಳೂ ಕೂರುತ್ತಾಳೆ. ಹಾಗಾಗಿ 'ಮನೆಯಲ್ಲಿ ನೀರು' ಪ್ರಾಜೆಕ್ಟಿನ ಬಗ್ಗೆ ಪೋಷಕರಿಗೆ ಪತ್ರ ಬರೆದು, ಝೆರಾಕ್ಸ್ ಮಾಡಿಸಿ ಹಂಚಿ, ಸಂಜೆ ಮನೆಗೆ ಬಂದು ಅದನ್ನೇ 'ಓದಿದ್ದೇನೆ' ಅಂತ ಸಹಿ ಹಾಕಿ ವಾಪಸ್ ಕೊಡಬೇಕಾಯಿತು.

ಪತ್ರದಲ್ಲಿ ಮೂರೇ ಕೆಲಸ ಇತ್ತು. ದಿನಾ ಬೆಳಿಗ್ಗೆ ನೀರಿನ ಮೀಟರ್ ಓದಿ ಬರೆಯಿರಿ. ಯಾರು ಎಷ್ಟು ನೀರು ಬಳಸಿದರು ಅಂತ ಬಕೆಟ್ ಲೆಕ್ಕ ಇಡಿ. ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿ, ಅದು ತಿರುಗದಿದ್ದರೆ ನಿಮ್ಮ ಮನೆಯಲ್ಲಿ ಸೋರಿಕೆ ಇಲ್ಲ. ಎಷ್ಟು ಸಲೀಸಾಗಿ ಬರೆದಿದ್ದೆ ನೋಡಿ!

ಮೂರನೇ ದಿನ ಪುಸ್ತಕ ನೋಡಿದರೆ ಅರ್ಧ ಕ್ಲಾಸಿನವರು 'ಸೋಮವಾರ 0 ಲೀಟರ್' ಅಂತ ಬರೆದಿದ್ದರು. ಒಬ್ಬ ಹುಡುಗ ಪಕ್ಕದಲ್ಲೇ, 'ಆದರೂ ಸ್ನಾನ ಮಾಡಿದ್ದೇನೆ ಮಿಸ್' ಅಂತ ಸೇರಿಸಿದ್ದ. ತಪ್ಪು ಅವನದಲ್ಲ. ನಮ್ಮ ಬೆಂಗಳೂರಿನ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಗೇಟಿನ ಹತ್ತಿರದ ಮೀಟರಿಗೆ ಗೊತ್ತಾಗುವುದು ನೆಲದಡಿಯ ಸಂಪ್ ತೊಟ್ಟಿಗೆ ಬಿದ್ದ ನೀರು ಮಾತ್ರ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗಿ, ಅಲ್ಲಿಂದ ಬಚ್ಚಲಿಗೆ ಇಳಿದು ನಾವು ಸುರಿದುಕೊಂಡ ನೀರಿನ ಸುದ್ದಿ ಅದಕ್ಕೆ ಮುಟ್ಟುವುದೇ ಇಲ್ಲ.

ಪತ್ರ ತಿದ್ದಿದೆ: ದಿನಾ ಓದಬೇಡಿ. ಸಂಪೂ ಟ್ಯಾಂಕೂ ಎರಡೂ ತುಂಬಿದಾಗ ಒಮ್ಮೆ ಓದಿ, ವಾರದ ನಂತರ ಮತ್ತೆ ಎರಡೂ ತುಂಬಿದಾಗ ಇನ್ನೊಮ್ಮೆ ಓದಿ. ಕಪ್ಪು ಅಂಕಿ ಸಾವಿರ ಲೀಟರಿನದು, ಕೆಂಪು ಅಂಕಿ ಬಿಡಿ ಲೀಟರಿನದು.

ನಮ್ಮ ಮನೆಯ ಲೆಕ್ಕ ವಾರಕ್ಕೆ 3,360 ಲೀಟರ್ ಬಂತು. ದಿನಕ್ಕೆ 480, ನಾಲ್ಕು ಜನಕ್ಕೆ ತಲಾ 120. ನಗರದಲ್ಲಿ ತಲೆಗೆ 135 ಲೀಟರ್ ಅಂತ ಸರ್ಕಾರ ಲೆಕ್ಕ ಹಾಕುತ್ತದೆ. 'ಪಾಸಾದೆವು' ಅಂದರು ಯಜಮಾನರು.

ಮಗಳು ಬಿಡಲಿಲ್ಲ. ಅವಳ ಬಕೆಟ್ ಲೆಕ್ಕ ಇನ್ನೂ ಬಾಕಿ ಇತ್ತಲ್ಲ. ಮೊದಲು ಲೀಟರ್ ಬಾಟಲಿಯಿಂದ ಬಕೆಟ್ ತುಂಬಿ ನೋಡಿದಳು. ಮೇಲೆ 20 ಅಂತ ಅಚ್ಚಾಗಿದ್ದರೂ, ನಾವು ನಿಲ್ಲಿಸುವ ಮಟ್ಟಕ್ಕೆ 18 ಬಂತು. ಆಮೇಲೆ ಬಚ್ಚಲ ಬಾಗಿಲಲ್ಲೇ ನೋಟ್‌ಬುಕ್ ಹಿಡಿದು ಕಾವಲು ಕೂತಳು. 'ಅಪ್ಪಾ, ಒಂದಾ ಎರಡಾ?' ಒಳಗಿಂದ 'ಒಂದೇ' ಅಂತ ಉತ್ತರ. 'ನಲ್ಲಿ ಎರಡು ಸಲ ತಿರುಗಿದ್ದು ಕೇಳಿಸ್ತು.' ಊಟಕ್ಕೆ ಬಂದಿದ್ದ ನನ್ನ ತಮ್ಮ ಟಾಯ್ಲೆಟ್ಟಿಂದ ಹೊರಗೆ ಕಾಲಿಡುತ್ತಿದ್ದ ಹಾಗೇ, 'ಮಾಮಾ, ದೊಡ್ಡ ಗುಂಡಿ ಒತ್ತಿದ್ರಾ, ಚಿಕ್ಕದಾ?' ದೊಡ್ಡದಕ್ಕೆ 6 ಲೀಟರ್, ಚಿಕ್ಕದಕ್ಕೆ 3. ಅವನು ಪಾಯಸ ಬೇಡ ಅಂದ.

ಸ್ನಾನ, ಪಾತ್ರೆ, ಬಟ್ಟೆ, ಫ್ಲಶ್, ಅಂಗಳ ಎಲ್ಲ ಕೂಡಿಸಿದರೂ ದಿನಕ್ಕೆ 360 ಮೇಲೆ ಹೋಗಲಿಲ್ಲ. ಉಳಿದ 120 ಲೀಟರ್ ಎಲ್ಲಿ? ನಾವೆಲ್ಲ ಯಜಮಾನರ ಮುಖ ನೋಡಿದೆವು. ಆದರೆ ಅಷ್ಟಾಗಬೇಕಾದರೆ ಅವರು ದಿನಾ ಇನ್ನೂ ಆರೇಳು ಬಕೆಟ್ ಸುಳ್ಳು ಹೇಳಿರಬೇಕು.

ಸೋರಿಕೆ ಇರಲಾರದು, ಯಾಕೆಂದರೆ ನಲ್ಲಿ ಮುಚ್ಚಿದಾಗ ಮೀಟರ್ ಕಲ್ಲಿನ ಹಾಗೆ ನಿಂತಿತ್ತು ಅಂತ ವಾದಿಸಿದೆ. 'ಅಮ್ಮಾ, ಮೀಟರ್‌ಗೆ ಒಳಗಿನ ಸುದ್ದಿ ಗೊತ್ತಾಗಲ್ಲ ಅಂತ ನೀನೇ ಕ್ಲಾಸಲ್ಲಿ ಹೇಳಿದ್ದಲ್ವಾ?' ನಾನು ಸುಮ್ನಾದೆ. ಮೂರನೇ ಕೆಲಸವೂ ನೀರಲ್ಲಿ ಹೋಯಿತು.

ಮತ್ತೆ ಪತ್ರ ತಿದ್ದಿದೆ: ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣದ ನೀರು ಹಾಕಿ, ಅರ್ಧ ಗಂಟೆ ಯಾರೂ ಗುಂಡಿ ಒತ್ತಬೇಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ವಾಷರ್ ಸವೆದಿದೆ ಅಂತ ಅರ್ಥ. ಸದ್ದಿಲ್ಲದೆ ಸೋರುವ ನೀರು ಅದು. ಗಂಟೆಗೆ 5 ಲೀಟರ್ ಹೋದರೂ ದಿನಕ್ಕೆ 120 ಆಗುತ್ತದೆ.

ಯಾವ ಬಣ್ಣ ಅಂತ ಮಾತ್ರ ಬರೆದಿರಲಿಲ್ಲ. ಮಗಳು ರಾತ್ರಿ ಎಲ್ಲರೂ ಮಲಗಿದ ಮೇಲೆ, ಪಲ್ಯಕ್ಕೆ ಬೇಯಿಸಿದ್ದ ಬೀಟ್‌ರೂಟಿನ ನೀರನ್ನು ಒಂದು ಲೋಟ ಸುರಿದಿದ್ದಳು.

ಬೆಳಿಗ್ಗೆ ಐದೂವರೆಗೆ ಅತ್ತೆಯ ಕೂಗಿಗೆ ಎದ್ದೆವು. ದೇವರ ಮುಂದೆ ಕೂತು ನಡುಗುತ್ತಿದ್ದರು. 'ನನ್ನ ಕಥೆ ಮುಗೀತು ಕಣೇ. ಡಾಕ್ಟರಿಗೆ ಫೋನ್ ಮಾಡು. ಮೈಸೂರಿನ ನಾದಿನಿಗೂ ಮಾಡು.' ಯಜಮಾನರು ಕಾರಿನ ಕೀ ಹುಡುಕುತ್ತಿದ್ದರು. ಅಷ್ಟರಲ್ಲಿ ಮಗಳು ಕಣ್ಣುಜ್ಜುತ್ತಾ ಬಂದು ಟಾಯ್ಲೆಟ್ಟಿಗೆ ಇಣುಕಿ, 'ಹೇ! ಕೆಂಪು ಬಂತು! ಸೋರ್ತಿದೆ!' ಅಂತ ಕುಣಿದಳು. ಅವಳ ಕುಣಿತ ನೋಡಿ ಅತ್ತೆಗೆ ಬಂದ ಸಿಟ್ಟಿನಲ್ಲಿ ನಡುಕ ನಿಂತಿತು.

ಪ್ಲಂಬರ್ ಬಂದು ಹತ್ತು ನಿಮಿಷದಲ್ಲಿ ವಾಷರ್ ಬದಲಾಯಿಸಿದ. ಅವನು ಟ್ಯಾಂಕಿನ ಒಳಗೆ ನೋಡಿದಾಗ ಅತ್ತೆ ಅವನಿಗೂ ಇಡೀ ಕಥೆ ಹೇಳಿದರು.

ಮೂರನೇ ಸಲ ಪತ್ರ ತಿದ್ದಲು ಕೂತೆ. ಬೀಟ್‌ರೂಟ್ ಬೇಡ, ಅರಿಶಿನ ಹಾಕಿ ಅಂತ ಬರೆದೆ. ಸ್ಟಾಫ್ ರೂಮಿನಲ್ಲಿ ಒಬ್ಬರು ಓದಿ, 'ಕಮೋಡಿನಲ್ಲಿ ಹಳದಿ ಕಂಡರೆ ಯಾರಿಗೆ ಅನುಮಾನ ಬರುತ್ತೆ?' ಅಂದರು. ಹೊಡೆದುಹಾಕಿ, ಬಿಳಿ ಬಟ್ಟೆಗೆ ಹಾಕುವ ನೀಲಿ ಅಂತ ಬರೆದೆ. ಮನೆಯ ಹಿರಿಯರಿಗೆ ಮೊದಲೇ ತಿಳಿಸಿ ಅಂತಲೂ ಸೇರಿಸಿದೆ.

ಈ ಸಲ ಝೆರಾಕ್ಸಿಗೆ ಕೊಡುವ ಮುಂಚೆ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಪೋಷಕರ ಸಹಿಯ ಜಾಗದಲ್ಲಿ ತಾವೇ ಸಹಿ ಹಾಕಿ ಕೊಟ್ಟರು.