ಕೊಪ್ಪಳದ ಮತ ಕೂಡುವವರೇ, ಮೊದಲು 17ಸಿ ತನ್ನಿ

ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ "ಬಿದ್ದ ಮತ ಬೇರೆ, ಎಣಿಸಿದ ಮತ ಬೇರೆ" ಅನ್ನುವ ಪಟ್ಟಿಯೊಂದು ಬೆಳಿಗ್ಗೆಯಿಂದ ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತಿದೆ. ಎಡಗಡೆ ಮತದಾನದ ಶೇಕಡಾವಾರನ್ನು ಒಟ್ಟು ಮತದಾರರಿಂದ ಗುಣಿಸಿದ ಸಂಖ್ಯೆ, ಬಲಗಡೆ ಫಲಿತಾಂಶದ ದಿನದ ಒಟ್ಟು ಮತ, ನಡುವಿನ ವ್ಯತ್ಯಾಸಕ್ಕೆ ಕೆಂಪು ಬಣ್ಣ. ನೋಡಿ ನಿಜಕ್ಕೂ ಸಿಟ್ಟು ಬಂತು. ತಾಳೆ ನೋಡಬಾರದು ಅಂತಲ್ಲ, ನೋಡಲೇಬೇಕು. ಆದರೆ ಈ ಎರಡು ಸಂಖ್ಯೆಗಳನ್ನು ಇಟ್ಟುಕೊಂಡಲ್ಲ.

ಕ್ಷೇತ್ರದಲ್ಲಿ 18 ಲಕ್ಷ ಮತದಾರರು ಅಂದುಕೊಳ್ಳಿ. ಶೇಕಡಾವಾರಿನ ಎರಡನೇ ದಶಮಾಂಶ ಒಂದು ಅಂಕಿ ಹೆಚ್ಚುಕಡಿಮೆಯಾದರೆ 180 ಮತ ಆಚೀಚೆ ಆಗುತ್ತದೆ. ಮತದಾನದ ಸಂಜೆ ಬರುವ ಶೇಕಡಾವಾರು ಹೇಗೂ ಅಂದಾಜಿನದು. ಆರು ಗಂಟೆಗೆ ಸಾಲಿನಲ್ಲಿ ಚೀಟಿ ಹಿಡಿದು ನಿಂತವರು ಆಮೇಲೂ ಮತ ಹಾಕುತ್ತಾರೆ. ಇನ್ನು ಬಲಗಡೆಯ ಮೊತ್ತದಲ್ಲಿ ಅಂಚೆ ಮತ ಸೇರಿರುತ್ತದೆ, ಬೂತಿನ ಮತದಾನದಲ್ಲಿ ಅದು ಇರುವುದೇ ಇಲ್ಲ.

ತಾಳೆ ನೋಡಬೇಕಾದದ್ದು ಒಂದೊಂದು ಬೂತಿನಲ್ಲಿ ಬಿದ್ದ ಮತದ ಲೆಕ್ಕ ಬರೆದಿಡುವ 17ಸಿ ನಮೂನೆಯನ್ನು, ಅಂತಿಮ ಫಲಿತಾಂಶದ ಪಟ್ಟಿಯಾದ ನಮೂನೆ 20ರಲ್ಲಿ ಅದೇ ಬೂತಿನ ಸಾಲಿನ ಜೊತೆ. ಒಂದು ಬೂತನ್ನೇ ಲೆಕ್ಕ ಹಾಕಿ ನೋಡೋಣ. ಮತದಾರರ ರಿಜಿಸ್ಟರಿನಲ್ಲಿ, ಅಂದರೆ 17ಎಯಲ್ಲಿ, ಕೊನೆಯ ಕ್ರಮಸಂಖ್ಯೆ 842. ಅದರಲ್ಲಿ ಒಬ್ಬರು ಸಹಿ ಮಾಡಿದ ಮೇಲೆ ಮತ ಹಾಕುವುದಿಲ್ಲ ಅಂತ ಹೊರಟುಹೋದರು. ಉಳಿದದ್ದು 841. ಮತದಾನ ಮುಗಿಸಿ ಕ್ಲೋಸ್ ಒತ್ತಿದ ಮೇಲೆ ಮತಯಂತ್ರದ ಕಂಟ್ರೋಲ್ ಯೂನಿಟ್ಟೂ 841 ತೋರಿಸಬೇಕು, ಬೂತಿನ ಮುಖ್ಯಸ್ಥರಾದ ಪ್ರಿಸೈಡಿಂಗ್ ಆಫೀಸರು 17ಸಿಯಲ್ಲಿ ಅದನ್ನೇ ಬರೆಯಬೇಕು. ಎಣಿಕೆಯ ದಿನ ಎಲ್ಲ ಅಭ್ಯರ್ಥಿಗಳ ಮತದ ಜೊತೆ ನೋಟಾ ಕೂಡಿಸಿದರೆ ಮತ್ತೆ 841 ಬರಬೇಕು. ನೋಟಾ ಬಿಟ್ಟು ಕೂಡಿ "ಮತ ಕಾಣೆ" ಅನ್ನುವವರು ಇನ್ನೂ ಇದ್ದಾರೆ.

ತಾಳೆಯಾಗದಿದ್ದರೆ ವ್ಯತ್ಯಾಸ ಎಷ್ಟು ಅನ್ನುವುದರಲ್ಲೇ ಕಾರಣದ ಸುಳಿವಿರುತ್ತದೆ. ಯಂತ್ರದಲ್ಲಿ ಒಂದೋ ಎರಡೋ ಕಡಿಮೆಯಾದರೆ, 17ಸಿ ಬರೆಯುವಾಗ ಸಹಿ ಮಾಡಿ ಮತ ಹಾಕದೆ ಹೋದವರನ್ನು ಕಳೆಯಲು ಮರೆತಿರುತ್ತಾರೆ. ಯಂತ್ರದಲ್ಲಿ ಐವತ್ತು ಅಥವಾ ಅದಕ್ಕಿಂತ ತುಸು ಹೆಚ್ಚು ಮತ ಜಾಸ್ತಿ ಇದ್ದರೆ, ಯಂತ್ರ ಪರೀಕ್ಷಿಸಲು ಬೆಳಿಗ್ಗೆ ಮಾಡಿದ ಅಣಕು ಮತದಾನವನ್ನು ಕ್ಲಿಯರ್ ಮಾಡದೆ ಮತದಾನ ಶುರು ಮಾಡಿದ್ದಾರೆ. ಅಣಕು ಮತ ಕನಿಷ್ಠ 50 ಹಾಕಬೇಕೆಂಬ ನಿಯಮವಿದೆ, ಎಷ್ಟು ಹಾಕಿದರು ಅನ್ನುವುದು ಅದರ ಪ್ರಮಾಣಪತ್ರದಲ್ಲಿರುತ್ತದೆ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ಅಂತ ನೋಡಿ: 841 ಇದ್ದಲ್ಲಿ 814 ಬರೆದರೆ 27 ಕಡಿಮೆ ಬೀಳುತ್ತದೆ.

17ಸಿ ಜೊತೆ ಹೊಂದದ ಯಂತ್ರವನ್ನು ಎಣಿಕೆಯಲ್ಲಿ ಪಕ್ಕಕ್ಕಿಡುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ಗೆಲುವಿನ ಅಂತರ ಅಂಥ ಯಂತ್ರಗಳ ಒಟ್ಟು ಮತಕ್ಕಿಂತ ಹೆಚ್ಚಿದ್ದರೆ ಅವನ್ನು ಎಣಿಸುತ್ತಲೇ ಇರಲಿಲ್ಲ. ಇಲ್ಲದಿದ್ದರೆ ಪ್ರತಿ ಮತಕ್ಕೂ ಮುದ್ರಣವಾಗುವ ವಿವಿಪ್ಯಾಟ್ ಚೀಟಿ ಎಣಿಸುತ್ತಿದ್ದರು. ಹಾಗಾಗಿ ಕ್ಷೇತ್ರದ ಮೊತ್ತ ಕಡಿಮೆ ಕಂಡರೆ ಮೊದಲು ಕೇಳಬೇಕಾದದ್ದು ಯಾವ್ಯಾವ ಬೂತಿನ ಯಂತ್ರ ಪಕ್ಕಕ್ಕಿಟ್ಟರು ಅಂತ. ಕೆಂಪು ಬಣ್ಣ ಬಳಿದವರು ಬೂತಿನ ನಂಬರನ್ನೇ ಹಾಕಿಲ್ಲ.

ಕೊಪ್ಪಳದಲ್ಲಿ ಕೂಡುವ ಕೆಲಸ ಇನ್ನೂ ಎಚ್ಚರದ್ದು. ಎಂಟು ವಿಧಾನಸಭಾ ಕ್ಷೇತ್ರ, ಮೂರು ಜಿಲ್ಲೆ: ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ ಜೊತೆಗೆ ರಾಯಚೂರಿನ ಸಿಂಧನೂರು, ಮಸ್ಕಿ, ಬಳ್ಳಾರಿಯ ಸಿರುಗುಪ್ಪ. ಕೊಪ್ಪಳ ಜಿಲ್ಲೆಯ ಅಂಕಿ ತಂದು ಕ್ಷೇತ್ರದ ಅಂಕಿ ಅಂದರೆ ಮೂರು ಕ್ಷೇತ್ರ ಬಿಟ್ಟುಹೋದ ಹಾಗೆ. ಒಂದೊಂದು ವಿಧಾನಸಭಾ ಕ್ಷೇತ್ರಕ್ಕೂ ಬೇರೆ ಪಟ್ಟಿ, ಅಂಚೆ ಮತ ಮಾತ್ರ ಇಡೀ ಲೋಕಸಭಾ ಕ್ಷೇತ್ರಕ್ಕೆ ಕೊನೆಯಲ್ಲಿ ಒಂದೇ ಸಲ. ಎಂಟನ್ನೂ ಕೂಡಿ ನಿಲ್ಲಿಸಿದರೆ ಅಂಚೆ ಮತದಷ್ಟು ಕಡಿಮೆ ಬಂದೇ ಬರುತ್ತದೆ.

"ಕಂಪ್ಯೂಟರೇ ಕೂಡುತ್ತದಲ್ಲ, ಇಷ್ಟೆಲ್ಲ ಯಾಕೆ" ಅನ್ನುವವರಿಗೆ: ಅದು ಟೈಪ್ ಮಾಡಿದ್ದನ್ನು ಕೂಡುತ್ತದೆ, ಅಷ್ಟೇ. 112 ಮತ್ತು 112ಎ ಬೂತುಗಳ ಸಾಲು ಅದಲುಬದಲಾದರೆ ಕ್ಷೇತ್ರದ ಮೊತ್ತ ಸರಿಯಾಗಿಯೇ ಇರುತ್ತದೆ, ಎರಡೂ ಬೂತಿನ ಲೆಕ್ಕ ತಪ್ಪಿರುತ್ತದೆ. ಅದನ್ನು ಹಿಡಿಯುವುದು 17ಸಿ ಮಾತ್ರ.

ಆ 17ಸಿ ಎಲ್ಲಿದೆ? ಮತದಾನ ಮುಗಿಯುವಾಗ ಬೂತಿನಲ್ಲಿರುವ ಅಭ್ಯರ್ಥಿಗಳ ಪ್ರತಿ ಏಜೆಂಟರಿಗೂ ರಸೀದಿ ಪಡೆದು ಅದರ ನಕಲು ಕೊಡಬೇಕು, ಚುನಾವಣೆ ನಡೆಸುವ ನಿಯಮಗಳ 49ಎಸ್ ನಿಯಮ ಹಾಗೆ ಹೇಳುತ್ತದೆ. ನಾಲ್ಕು ಗಂಟೆಗೇ ಎದ್ದು ಹೋದ ಏಜೆಂಟರಿಗೆ ಯಾರು ಕೊಡಬೇಕು? ತಂದವರೂ ಅದನ್ನು ಮನೆಯಲ್ಲಿಟ್ಟು ಎಣಿಕೆಗೆ ಬರಿಗೈಲಿ ಬರುತ್ತಾರೆ. ಬೂತಿನ ಕ್ರಮದಲ್ಲಿ ನಕಲು ಜೋಡಿಸಿ ಎಣಿಕೆ ಏಜೆಂಟರ ಕೈಗೆ ಕೊಡುವುದು ಪಕ್ಷದ ಕೆಲಸ, ಆಯೋಗದ್ದಲ್ಲ. ರಿಸಲ್ಟ್ ಬಟನ್ ಒತ್ತುವ ಮೊದಲು ಯಂತ್ರದ ಟೋಟಲ್ ತೋರಿಸುತ್ತಾರೆ. ಕೈಯಲ್ಲಿರುವ ನಕಲಿನ ಜೊತೆ ನೋಡಿ, ಹೊಂದದಿದ್ದರೆ ಅಲ್ಲೇ ಬರೆದು ಕೊಡಬೇಕು. ಮರುಎಣಿಕೆ ಕೇಳುವುದಿದ್ದರೆ ಚುನಾವಣಾಧಿಕಾರಿ ನಮೂನೆ 20ಕ್ಕೆ ಸಹಿ ಹಾಕುವ ಮೊದಲೇ ಲಿಖಿತವಾಗಿ ಕೇಳಬೇಕು. ಫಲಿತಾಂಶ ಘೋಷಣೆಯಾದ ಮೇಲೆ ಉಳಿಯುವುದು ಹೈಕೋರ್ಟಿನ ಚುನಾವಣಾ ಅರ್ಜಿ, ಅದಕ್ಕೆ 45 ದಿನ. ಅಲ್ಲಿಯೂ ಕೇಳುವುದು ಬೂತಿನ ನಂಬರು ಮತ್ತು 17ಸಿಯನ್ನೇ.