ಬಾರದವರು ಬರಲಿಲ್ಲ ಎಂಬುದಕ್ಕೆ ದಾಖಲೆ ಲಗತ್ತಿಸಿ

ಕ್ರೆಡಿಟ್ ಕಾರ್ಡ್ ಬ್ಯಾಂಕುಗಳ ತಕರಾರು ವಿಭಾಗಕ್ಕೆ ಒಂದು ಗಟ್ಟಿ ನಂಬಿಕೆಯಿದೆ. ಗ್ರಾಹಕ ಒಟಿಪಿ ಒತ್ತಿದ ಮೇಲೆ ಸೇವೆ ತಾನಾಗಿಯೇ ಮನೆಗೆ ಬಂದು ಬಿದ್ದಿರುತ್ತದೆ ಎಂದು. ಮೈಸೂರಿನ ಸರಸ್ವತಿಪುರಂನ ಹಳೇ ಮನೆಯೊಂದನ್ನು ಊಹಿಸಿಕೊಳ್ಳಿ. ಬಾಗಿಲ ಚೌಕಟ್ಟಿಗೆ ಗೆದ್ದಲು. ಆನ್‌ಲೈನಿನಲ್ಲಿ ಸಿಕ್ಕ ಗೆದ್ದಲು ನಿವಾರಣೆ ಕಂಪನಿಗೆ ಮನೆಯವರು ಮೇ 28ರಂದು ಕಾರ್ಡಿನಲ್ಲಿ 14,500 ರೂಪಾಯಿ ಕಟ್ಟಿದ್ದಾರೆ. ಜೂನ್ 10ಕ್ಕೆ ಬರುತ್ತೇವೆ ಅಂದವರು ಬರಲಿಲ್ಲ. ಗೆದ್ದಲು ಮಾತ್ರ ಒಂದು ದಿನವೂ ರಜೆ ಹಾಕಿಲ್ಲ.

ಬ್ಯಾಂಕಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ: ‘ಸರ್, ಒಟಿಪಿ ನೀವೇ ಹಾಕಿದ್ದಾ?’ ಹೌದು ಅಂದರೆ, ‘ಹಾಗಾದ್ರೆ ವ್ಯವಹಾರ ಸರಿಯಾಗಿದೆ’ ಎಂದು ಫೈಲು ಮುಚ್ಚುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾಣರಿವರು. ದುಡ್ಡು ಕೊಟ್ಟಿಲ್ಲ ಅಂತ ಇಲ್ಲಿ ಯಾರು ಹೇಳಿದರು?

ಸಿಟ್ಟಿನಲ್ಲಿ ಆ್ಯಪ್ ತೆರೆದು ‘ಈ ವ್ಯವಹಾರ ನಾನು ಮಾಡಿಲ್ಲ’ ಎಂಬ ಗುಂಡಿ ಒತ್ತುವವರು ಬ್ಯಾಂಕಿಗೆ ಪರಮಪ್ರಿಯರು. ಅದು ವಂಚನೆಯ ದಾರಿ. ಕಾರ್ಡು ಬ್ಲಾಕ್ ಆಗುತ್ತದೆ, ಒಟಿಪಿ ದಾಖಲೆ ಹೊರಬರುತ್ತದೆ, ಅರ್ಜಿ ಅಲ್ಲೇ ಸಾಯುತ್ತದೆ. ಬೇಕಾದದ್ದು ‘ಸರಕು ಅಥವಾ ಸೇವೆ ತಲುಪಿಲ್ಲ’ ಎಂಬ ಸಾಲು. ವೀಸಾ ಕಾರ್ಡುಗಳ ನಿಯಮದಲ್ಲಿ ಅದಕ್ಕೆ 13.1 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ. ಪಾಪ, ಫೋನೆತ್ತುವವರಿಗೆ ಅದನ್ನು ಯಾರೂ ಪರಿಚಯ ಮಾಡಿಸಿಲ್ಲ. ಆದ್ದರಿಂದ ಚಾರ್ಜ್‌ಬ್ಯಾಕ್, ಅಂದರೆ ವ್ಯಾಪಾರಿಯಿಂದ ಹಣ ಹಿಂದಕ್ಕೆ ಪಡೆದು ಕೊಡುವುದನ್ನು, ಕೇಳುವ ಪತ್ರವನ್ನು ಹೀಗೆ ಬರೆಯಬೇಕು:

‘ಮಾನ್ಯರೇ, ಕೊನೆಯ ನಾಲ್ಕು ಅಂಕಿ ಇಂಥದ್ದಿರುವ ನನ್ನ ಕಾರ್ಡಿನಿಂದ ಮೇ 28ರಂದು ರೂ. 14,500 ಪಾವತಿಯಾಗಿದೆ. ಬಿಲ್ಲಿನಲ್ಲಿ ವ್ಯಾಪಾರಿಯ ಹೆಸರು ಹೀಗೆ ಮುದ್ರಿತವಾಗಿದೆ. ಈ ಪಾವತಿ ನಾನೇ ಮಾಡಿದ್ದು, ಇದು ವಂಚನೆಯ ದೂರಲ್ಲ. ಜೂನ್ 10ರಂದು ಕೊಡಬೇಕಿದ್ದ ಗೆದ್ದಲು ನಿವಾರಣೆ ಸೇವೆ ಸಿಕ್ಕಿಲ್ಲ. ಜೂನ್ 14ರಂದು ಏಳು ದಿನದ ಗಡುವು ಕೊಟ್ಟು ವ್ಯಾಪಾರಿಗೆ ಇಮೇಲ್‌ನಲ್ಲಿ ಹಣ ವಾಪಸ್ ಕೇಳಿದೆ, ಉತ್ತರ ಬಂದಿಲ್ಲ. ಸೇವೆ ತಲುಪದ ಕಾರಣಕ್ಕೆ ಚಾರ್ಜ್‌ಬ್ಯಾಕ್ ಹೂಡಿ, ದೂರಿನ ಸಂಖ್ಯೆ ತಿಳಿಸಿ.’

ಇಷ್ಟೇ. ಗೆದ್ದಲಿನ ದುಷ್ಟತನ, ನಿಮ್ಮ ರಕ್ತದೊತ್ತಡ ಯಾವುದೂ ಬೇಡ. ವ್ಯಾಪಾರಿಯ ಹೆಸರನ್ನು ಬಿಲ್ಲಿನಲ್ಲಿ ಇದ್ದಂತೆಯೇ ನಕಲು ಮಾಡಿ. ಬೋರ್ಡಿನ ಹೆಸರು ಒಂದು, ಬಿಲ್ಲಿನ ಹೆಸರು ಇನ್ನೊಂದು ಇರುವುದು ಮಾಮೂಲು. ಪೂರ್ತಿ ಕಾರ್ಡ್ ಸಂಖ್ಯೆಯನ್ನೂ ಸಿವಿವಿಯನ್ನೂ ಯಾರು ಕೇಳಿದರೂ ಬರೆಯಬೇಡಿ.

ನಿಜವಾದ ತಮಾಷೆ ಆಮೇಲೆ. ‘ಸೇವೆ ದೊರೆಯದಿರುವುದಕ್ಕೆ ದಾಖಲೆ ಲಗತ್ತಿಸಿ’ ಎಂದು ಬ್ಯಾಂಕ್ ಕೇಳುತ್ತದೆ. ಬಾರದವನ ಫೋಟೋ ತೆಗೆಯುವುದು ಹೇಗೆ? ಅದಕ್ಕೂ ದಾರಿಯುಂಟು. ಕಟ್ಟಿದ ಮನೆಗೆ ಗೆದ್ದಲು ಔಷಧಿ ಹಾಕುವವರು ಗೋಡೆಯ ಬುಡದ ಉದ್ದಕ್ಕೂ ಸುಮಾರು ಅಡಿಗೊಂದು ತೂತು ಕೊರೆದು, ಔಷಧಿ ಇಳಿಸಿ, ಸಿಮೆಂಟಿನಿಂದ ಮುಚ್ಚುತ್ತಾರೆ. ತೂತೂ ಇಲ್ಲದ, ಮೆತ್ತಿದ ಗುರುತೂ ಇಲ್ಲದ ನೆಲದಂಚಿನ ನಾಲ್ಕು ಫೋಟೋ, ದಿನಾಂಕವಿರುವ ಬುಕಿಂಗ್ ಇಮೇಲ್, ‘ನಾಳೆ ಬರ್ತೀವಿ ಸರ್’ ಎಂಬ ವಾಟ್ಸಾಪ್ ಸಂದೇಶ, ನೀವು ಹಣ ಕೇಳಿದ ಇಮೇಲ್: ಇವಿಷ್ಟೂ ಸೇರಿದರೆ ಬಾರದವನು ಬಾರದೇ ಇದ್ದದ್ದು ಕಾಣುತ್ತದೆ.

ಕೆಲವು ದಿನ ಕಳೆದು ಬ್ಯಾಂಕ್ 14,500 ತಾತ್ಕಾಲಿಕವಾಗಿ ಜಮಾ ಮಾಡಬಹುದು. ಗೆದ್ದೆವೆಂದು ಮೈಸೂರು ಪಾಕ್ ಹಂಚಬೇಡಿ. ಅತ್ತ ವ್ಯಾಪಾರಿ ‘ನಮ್ಮ ಹುಡುಗ ಬಂದಿದ್ದ, ಬಾಗಿಲು ಹಾಕಿತ್ತು’ ಎಂದು ತಾನೇ ಟೈಪಿಸಿದ ಇನ್‌ವಾಯ್ಸ್ ಕಳಿಸಿದರೆ ಬ್ಯಾಂಕು ಅದನ್ನು ನಿಮಗೆ ದಾಟಿಸಿ, ಉತ್ತರಕ್ಕೆ ಕೆಲವೇ ದಿನ ಕೊಡುತ್ತದೆ. ಆ ಇಮೇಲ್ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಮಲಗಿದ್ದರೆ ಜಮಾ ಆದದ್ದು ಮತ್ತೆ ಖರ್ಚಾಗಿ ನಿಲ್ಲುತ್ತದೆ. ಉತ್ತರ ಎರಡೇ ಸಾಲು ಸಾಕು: ಇನ್‌ವಾಯ್ಸ್ ಎಂದರೆ ಬೇಡಿಕೆ, ಕೆಲಸ ಮುಗಿದದ್ದಕ್ಕೆ ಪುರಾವೆಯಲ್ಲ, ನನ್ನ ಸಹಿಯಿರುವ ಜಾಬ್ ಕಾರ್ಡ್ ಇದ್ದರೆ ತೋರಿಸಿ.

ವೀಸಾದ 120 ದಿನದ ಗಡುವು ಇಂಥ ಪ್ರಕರಣದಲ್ಲಿ ಸೇವೆ ಸಿಗಬೇಕಿದ್ದ ಜೂನ್ 10ರಿಂದ ಎಣಿಕೆಯಾಗುತ್ತದೆ, ದುಡ್ಡು ಕಟ್ಟಿದ ದಿನದಿಂದಲ್ಲ. ಬ್ಯಾಂಕಿನ ಸ್ವಂತ ಗಡುವು ಇದಕ್ಕಿಂತ ಚಿಕ್ಕದಿರಬಹುದು, ಹಾಗಾಗಿ ದಸರಾ ಕಳೆಯಲಿ ಎಂದು ಕೂರಬೇಡಿ. ಇನ್ನೊಂದು ಮಾತು. ತಕರಾರು ಇತ್ಯರ್ಥವಾಗುವ ತನಕ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನ ಹೇಳಿರುವುದು ವಂಚನೆಯ ದೂರುಗಳಿಗೆ. ನಿಮ್ಮದು ಆ ಸಾಲಿಗೆ ಸೇರದು. ಈ ಮೊತ್ತ ತಡೆಹಿಡಿದಿದ್ದೇವೆ ಎಂದು ಬ್ಯಾಂಕ್ ಲಿಖಿತವಾಗಿ ಹೇಳದಿದ್ದರೆ ಬಿಲ್ಲು ಪೂರ್ತಿ ಕಟ್ಟಿಬಿಡಿ. ಇಲ್ಲದಿದ್ದರೆ ಚೌಕಟ್ಟನ್ನು ಗೆದ್ದಲು, ಜೇಬನ್ನು ಬಡ್ಡಿ ಹಂಚಿಕೊಂಡು ತಿನ್ನುತ್ತವೆ.

30 ದಿನವಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ನಲ್ಲಿ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ಅಷ್ಟರೊಳಗೆ ‘ನಿಮ್ಮ ದೂರು ತೃಪ್ತಿಕರವಾಗಿ ಬಗೆಹರಿದಿದೆ’ ಎಂಬ ಎಸ್‌ಎಂಎಸ್ ಹೇಗೂ ಬಂದಿರುತ್ತದೆ. ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಅರ್ಜಿಗೆ ಮೊದಲ ಲಗತ್ತಾಗಿ ಸೇರಿಸಿ.